ಕಂಪನಿಯ ಕೌನ್ಸೆಲರ್ ಬಳಿ ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಐದು ವರ್ಷ ನಾನು ಕಂಪನಿಗಳ ನೌಕರರಿಗಾಗಿ ನಡೆಯುವ ಕೌನ್ಸೆಲಿಂಗ್ ಸಹಾಯವಾಣಿಯೊಂದರಲ್ಲಿ ಕೆಲಸ ಮಾಡಿದೆ. ಈಗ ಕಲಬುರಗಿಯಲ್ಲಿದ್ದೇನೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳವರು, ಬೀದರಿನ ಕೊಳಾರ ಮತ್ತು ಯಾದಗಿರಿಯ ಕಡೇಚೂರಿನ ಔಷಧ ಕಾರ್ಖಾನೆಗಳವರು, ಬ್ಯಾಂಕಿನವರು, ಸಾಲದ ಕಂತು ವಸೂಲಿಗೆ ಹಳ್ಳಿ ತಿರುಗುವ ಹುಡುಗರು ನನ್ನೊಂದಿಗೆ ಮಾತಿಗೆ ಕೂರುತ್ತಾರೆ. ನಿದ್ರೆ ಬಾರದ ಕಥೆಗಿಂತ ಮೊದಲು ಅವರ ಬಾಯಿಂದ ಬರುವುದು "ಇದು ಯಾರಿಗೂ ಗೊತ್ತಾಗುವುದಿಲ್ಲ ತಾನೆ?" ಎಂಬ ಮಾತು. ಆ ಅನುಮಾನವನ್ನು ನಾನು ತಪ್ಪೆನ್ನುವುದಿಲ್ಲ. ನಮ್ಮ ಊರುಗಳಲ್ಲಿ ಎಚ್‌ಆರ್ ಅಧಿಕಾರಿ ನಿಮ್ಮ ಅಕ್ಕನ ಮೈದುನನ ಜೊತೆ ಓದಿದವನಾಗಿರುತ್ತಾನೆ. ಆದರೆ ಇಷ್ಟು ವರ್ಷಗಳಲ್ಲಿ ನಾನು ಕಂಡಂತೆ, ಗುಟ್ಟು ಕೌನ್ಸೆಲರ್ ಬಾಯಿಂದ ಹೊರಬಿದ್ದದ್ದು ಕಡಿಮೆ. ಕಾಗದ, ಇಮೇಲ್, ಬಿಲ್ಲು, ಕಾಯುವ ಬೆಂಚು, ಇವುಗಳಿಂದ ಹೊರಬಿದ್ದದ್ದೇ ಹೆಚ್ಚು. ಕೆಳಗಿನ ಉತ್ತರಗಳೆಲ್ಲ ಆ ದಾರಿಗಳ ಬಗ್ಗೆಯೇ ಇವೆ.

### ಫೋನ್ ಮಾಡುವ ಮೊದಲು

"ಸಂಬಳ ಕೊಡುವುದು ಕಂಪನಿ. ಹಾಗಿರುವಾಗ ಕೌನ್ಸೆಲರ್ ನನ್ನ ಮಾತನ್ನು ಕಂಪನಿಗೆ ಹೇಳದೆ ಇರುತ್ತಾರೆಯೇ?"

ಯಾವ ಕೌನ್ಸೆಲರ್ ಎಂಬುದರ ಮೇಲೆ ಉತ್ತರ ನಿಂತಿದೆ. ದೊಡ್ಡ ಬ್ಯಾಂಕು, ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಹೊರಗಿನ ಸಂಸ್ಥೆಯೊಂದಕ್ಕೆ ಈ ಕೆಲಸವನ್ನು ಗುತ್ತಿಗೆ ಕೊಟ್ಟಿರುತ್ತವೆ. ನಿಮಗೆ ಒಂದು ಟೋಲ್‌ಫ್ರೀ ನಂಬರ್ ಅಥವಾ ಆ್ಯಪ್ ಇರುತ್ತದೆ, ವರ್ಷಕ್ಕೆ ಇಷ್ಟು ಸಲ ಉಚಿತ ಎಂಬ ಮಿತಿ ಇರುತ್ತದೆ. ಅಲ್ಲಿ ಕೂತವರು ನಿಮ್ಮ ಕಂಪನಿಯ ನೌಕರರಲ್ಲ, ನಿಮ್ಮ ಮ್ಯಾನೇಜರನ್ನು ಅವರು ಕಂಡಿರುವುದೂ ಇಲ್ಲ. ಅವರು ಬರೆದುಕೊಳ್ಳುವ ಟಿಪ್ಪಣಿ ಆ ಸಂಸ್ಥೆಯಲ್ಲೇ ಉಳಿಯಬೇಕೆಂಬುದು ಒಪ್ಪಂದದ ಭಾಗವಾಗಿರುತ್ತದೆ. ಒಬ್ಬರ ಮಾತು ಹೊರಬಿದ್ದರೂ ಆ ಸಂಸ್ಥೆಗೆ ಎಲ್ಲ ಗಿರಾಕಿಗಳೂ ತಪ್ಪುತ್ತಾರೆ. ಸಹಾಯವಾಣಿಯಲ್ಲಿ ಕೂತಾಗ ನಮಗೆ ಇದೇ ದೊಡ್ಡ ಭಯವಾಗಿತ್ತು.

ಕಂಪನಿಯ ಸಂಬಳದ ಪಟ್ಟಿಯಲ್ಲೇ ಇದ್ದು, ಎಚ್‌ಆರ್ ಮುಖ್ಯಸ್ಥರ ಕೈಕೆಳಗೆ ಕೆಲಸ ಮಾಡುವ ಕೌನ್ಸೆಲರ್ ವಿಷಯ ಬೇರೆ. ಅವರು ಪ್ರಾಮಾಣಿಕರೇ ಇರಬಹುದು, ಆದರೆ "ಆ ಹುಡುಗ ಹೇಗಿದ್ದಾನೆ?" ಎಂದು ಕೇಳುವವರೇ ಅವರ ಬಡ್ತಿಯನ್ನೂ ನಿರ್ಧರಿಸುತ್ತಾರೆ. ಅಂಥವರ ಬಳಿ ಪಾಳಿಯ ತೊಂದರೆ, ನಿದ್ರೆ, ಸಿಟ್ಟು ಇವುಗಳ ಬಗ್ಗೆ ಮಾತನಾಡಿ. ಕೆಲಸ ಬಿಡುವ ಯೋಚನೆ, ಕುಡಿತ, ಮೇಲಧಿಕಾರಿಯ ಮೇಲಿನ ದೂರು, ಇವುಗಳಿಗೆ ಹೊರಗಿನವರನ್ನು ಹುಡುಕಿಕೊಳ್ಳಿ ಎಂದೇ ನಾನು ಹೇಳುವುದು.

"ವೆಲ್‌ಫೇರ್ ಆಫೀಸರ್ ಬಳಿ ಎಲ್ಲ ತೋಡಿಕೊಂಡೆ. ಅದೂ ಕೌನ್ಸೆಲಿಂಗೇ ಅಲ್ಲವೇ?"

ಅಲ್ಲ. ವೆಲ್‌ಫೇರ್ ಆಫೀಸರ್ ಆಡಳಿತದ ಅಧಿಕಾರಿ. ನಿಮ್ಮ ಮಾತನ್ನು ಮೇಲಕ್ಕೆ ಮುಟ್ಟಿಸಿ ಪರಿಹಾರ ತರುವುದೇ ಅವರ ಕೆಲಸ. ಪಾಳಿ ಬದಲಾಗಬೇಕು, ಕ್ವಾರ್ಟರ್ಸ್ ಬೇಕು ಎಂಬಂಥ ವಿಷಯಕ್ಕೆ ಅವರೇ ಸರಿಯಾದವರು. ಗುಟ್ಟಾಗಿರಬೇಕಾದ ಮಾತಿಗೆ ಅಲ್ಲ.

"ಬೆಂಗಳೂರಿನವರು ಫೋನ್ ಎತ್ತುತ್ತಾರೆ. ನಮ್ಮ ಮಾತು ಅವರಿಗೆ ತಿಳಿಯುತ್ತದೆಯೇ?"

ಫೋನ್ ಎತ್ತಿದ ಕೂಡಲೇ ಭಾಷೆ ಹೇಳಿ: ಕನ್ನಡ, ಉರ್ದು, ತೆಲುಗು, ಮರಾಠಿ, ಯಾವುದು ಸಲೀಸೋ ಅದು. ಆ ಭಾಷೆಯವರು ಆಗ ಇಲ್ಲದಿದ್ದರೆ ಅವರೇ ಮರಳಿ ಕರೆ ಮಾಡುತ್ತಾರೆ. ಅರ್ಧ ಹಿಂದಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ ತಡವರಿಸುತ್ತ ಮೊದಲ ಸಲವೇ ಸೋತು ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ದೂರದವರು ಎಂಬುದರಲ್ಲಿ ಒಂದು ಅನುಕೂಲವೂ ಇದೆ: ಅವರು ನಿಮ್ಮ ಬೀಗರ ಪೈಕಿ ಆಗಿರುವುದಿಲ್ಲ.

### ಕಂಪನಿಗೆ ಹೋಗುವುದು ಏನು

"ಹೆಸರು ಹೋಗುವುದಿಲ್ಲ ಎನ್ನುತ್ತಾರೆ. ಹಾಗಾದರೆ ಏನು ಹೋಗುತ್ತದೆ?"

ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಒಂದು ವರದಿ ಹೋಗುತ್ತದೆ. ಎಷ್ಟು ಜನ ಕರೆ ಮಾಡಿದರು, ಒಟ್ಟು ಎಷ್ಟು ಸಲ ಮಾತುಕತೆ ನಡೆಯಿತು, ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ವಯಸ್ಸಿನವರು, ಕಾರಣ ಯಾವ ಗುಂಪಿಗೆ ಸೇರಿದ್ದು: ಕೆಲಸದ ಒತ್ತಡವೋ, ಸಂಸಾರವೋ, ಸಾಲವೋ, ನಿದ್ರೆಯೋ. ಇಂಥ ವರದಿಗಳನ್ನು ನಾನೇ ತಯಾರಿಸಿದ್ದೇನೆ. ಒಂದು ಹಾಳೆಯ ಮೇಲೆ ಅಂಕಿಗಳ ಕೋಷ್ಟಕ, ಅಷ್ಟೇ. ಯಾರು ಏನು ಹೇಳಿದರು ಎಂಬುದು ಅದರಲ್ಲಿ ಇರುವುದಿಲ್ಲ. ಹಣ ಪಾವತಿಗೆ ಕಳಿಸುವ ಬಿಲ್ಲಿನಲ್ಲೂ ಒಟ್ಟು ಲೆಕ್ಕ ಮಾತ್ರ ಇರಬೇಕು. ನೌಕರರ ಐಡಿ ನಂಬರನ್ನು ಸಹಾಯವಾಣಿಯವರು ಕೇಳುವುದು ನೀವು ಆ ಕಂಪನಿಯವರೇ ಎಂದು ಖಚಿತಪಡಿಸಿಕೊಳ್ಳಲು. ಆ ನಂಬರ್ ಬಿಲ್ಲಿನ ಮೇಲೆ ಬರುವುದಿಲ್ಲ ತಾನೆ ಎಂದು ಕೇಳುವ ಹಕ್ಕು ನಿಮಗಿದೆ.

"ನಮ್ಮ ಶಾಖೆಯಲ್ಲಿ ಇರುವುದೇ ಒಂಬತ್ತು ಜನ. ಹೆಸರಿಲ್ಲದ ಅಂಕಿಯಿಂದಲೂ ಗೊತ್ತಾಗುವುದಿಲ್ಲವೇ?"

ಗೊತ್ತಾಗಬಹುದು. ನನಗೆ ಬಂದ ಪ್ರಶ್ನೆಗಳಲ್ಲೇ ಜಾಣತನದ್ದು ಇದು. ಬೆಂಗಳೂರಿನಲ್ಲಿ ಮೂರು ಸಾವಿರ ಜನರಿರುವ ಕಚೇರಿಯಲ್ಲಿ "ಹೆಂಗಸರು 41, ವಯಸ್ಸು 30ರಿಂದ 40" ಎಂದರೆ ಯಾರೂ ಪತ್ತೆಯಾಗುವುದಿಲ್ಲ. ಅದೇ ಕೋಷ್ಟಕವನ್ನು ಶಾಖೆವಾರು ಮಾಡಿ, ಹುಮನಾಬಾದ್ ಶಾಖೆಯ ಎದುರು "ಹೆಂಗಸರು 1, ಕಾರಣ ಸಂಸಾರ" ಎಂದು ಬರೆದರೆ, ಆ ಶಾಖೆಯಲ್ಲಿರುವುದು ಒಬ್ಬರೇ ಹೆಣ್ಣುಮಗಳಾದರೆ, ಹೆಸರು ಬರೆದಂತೆಯೇ ಆಯಿತು.

ಇದನ್ನು ತಡೆಯಲು ಒಳ್ಳೆಯ ಸಂಸ್ಥೆಗಳು ಒಂದು ನಿಯಮ ಇಟ್ಟುಕೊಂಡಿರುತ್ತವೆ: ಒಂದು ಗುಂಪಿನಲ್ಲಿ ಇಷ್ಟಕ್ಕಿಂತ ಕಡಿಮೆ ಜನ ಕರೆ ಮಾಡಿದ್ದರೆ ಆ ಗುಂಪನ್ನು ಪ್ರತ್ಯೇಕವಾಗಿ ತೋರಿಸದೆ ದೊಡ್ಡ ವಿಭಾಗದೊಳಗೆ ಸೇರಿಸುತ್ತವೆ. ಸಣ್ಣ ಶಾಖೆಯ ಅಂಕಿ ಕಲಬುರಗಿ ವಲಯದ ಅಥವಾ ಇಡೀ ರಾಜ್ಯದ ಅಂಕಿಯಲ್ಲಿ ಕರಗಿ ಹೋಗುತ್ತದೆ. ನಿಮ್ಮಲ್ಲಿ ಈ ನಿಯಮ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇಲ್ಲವೆಂದರೆ ಸಣ್ಣ ಶಾಖೆಯವರು ಹೊರಗೆ ಸ್ವಂತ ಖರ್ಚಿನಲ್ಲಿ ಹೋಗುವುದೇ ಮೇಲು.

"ಮೊದಲ ಕರೆಯಲ್ಲೇ ಇದನ್ನೆಲ್ಲ ಕೇಳಿದರೆ ತಪ್ಪು ತಿಳಿಯುವುದಿಲ್ಲವೇ? ಹೇಗೆ ಕೇಳಬೇಕು?"

ತಪ್ಪು ತಿಳಿಯುವವರಾದರೆ ಅವರ ಬಳಿ ಮಾತನಾಡಲೇಬೇಡಿ. ಹೆಸರು, ಶಾಖೆ ಹೇಳುವುದಕ್ಕೆ ಮುಂಚೆಯೇ ಕೇಳಿ. "ನಮ್ಮ ಕಂಪನಿಗೆ ನೀವು ಕಳಿಸುವ ವರದಿಯಲ್ಲಿ ಏನೇನು ಇರುತ್ತದೆ, ಅದು ಶಾಖೆವಾರು ಇರುತ್ತದೆಯೇ?" ಎಂಬುದು ಮೊದಲನೆಯದು. "ಯಾವ ಸಂದರ್ಭದಲ್ಲಿ ನನ್ನನ್ನು ಕೇಳದೆ ಬೇರೆಯವರಿಗೆ ಹೇಳುತ್ತೀರಿ?" ಎಂಬುದು ಎರಡನೆಯದು. "ನನ್ನ ಟಿಪ್ಪಣಿ ಎಲ್ಲಿರುತ್ತದೆ, ಕಂಪನಿ ನಿಮ್ಮನ್ನು ಬಿಟ್ಟು ಬೇರೆ ಸಂಸ್ಥೆಯನ್ನು ಹಿಡಿದರೆ ಅದು ಯಾರ ಕೈಗೆ ಹೋಗುತ್ತದೆ?" ಎಂಬುದು ಮೂರನೆಯದು.

ಉತ್ತರದ ಧಾಟಿಯಿಂದಲೇ ಬಹಳಷ್ಟು ತಿಳಿಯುತ್ತದೆ. "ನೂರಕ್ಕೆ ನೂರು ಗುಟ್ಟು ಸರ್, ಚಿಂತೆಯೇ ಬೇಡ" ಎಂದು ತೇಲಿಸಿಬಿಟ್ಟರೆ ನನಗೆ ಅನುಮಾನ ಬರುತ್ತದೆ. ಏಕೆಂದರೆ ನೂರಕ್ಕೆ ನೂರು ಗುಟ್ಟು ಎಂಬುದು ಎಲ್ಲೂ ಇಲ್ಲ. ಎರಡನೆಯ ಪ್ರಶ್ನೆಗೆ ಅವರು ಜೀವಾಪಾಯ, ಕೋರ್ಟಿನ ಆದೇಶ ಎಂದು ಅಪವಾದಗಳನ್ನು ತಾವಾಗಿಯೇ ಬಿಡಿಸಿ ಹೇಳಿದರೆ ಕೆಲಸ ಬಲ್ಲವರು ಎಂದು ತಿಳಿಯಿರಿ. ಒಪ್ಪಿಗೆ ಪತ್ರವನ್ನು ಕಳಿಸಲು ಹೇಳಿ, ನಿಮ್ಮ ಸ್ವಂತ ಇಮೇಲ್‌ಗೆ.

### ಗುಟ್ಟು ಸೋರುವ ದಾರಿ

"ನಾನು ಯಾರಿಗೂ ಹೇಳಲಿಲ್ಲ, ಆದರೂ ಮ್ಯಾನೇಜರಿಗೆ ಗೊತ್ತಾಗಿದೆ. ಕೌನ್ಸೆಲರೇ ಹೇಳಿರಬೇಕಲ್ಲವೇ?"

ಒಬ್ಬರ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಬ್ಯಾಂಕೊಂದರ ಶಾಖೆಯಲ್ಲಿ ಬಂಗಾರದ ಸಾಲ ನೋಡಿಕೊಳ್ಳುತ್ತಿದ್ದವರು. ತಿಂಗಳ ಕೊನೆಯ ವಾರ ಬಂತೆಂದರೆ ಬೆಳಗಿನ ಮೂರಕ್ಕೆ ಎಚ್ಚರ. ಒಂಬತ್ತೂವರೆಯ ಮೀಟಿಂಗಿನಲ್ಲಿ ಟಾರ್ಗೆಟ್ ಓದಿ ಹೇಳುವಾಗ ಕೈಯಲ್ಲಿನ ಕಾಗದ ನಡುಗುವುದು ಎದುರಿನವರಿಗೂ ಕಾಣುವಂತಾಗಿತ್ತು. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ವಾರಕ್ಕೊಮ್ಮೆ ಮಾತನಾಡತೊಡಗಿದರು. ನಾಲ್ಕನೆಯ ವಾರ ಚಹಾ ಕುಡಿಯುತ್ತ ಮ್ಯಾನೇಜರ್ ಕೇಳಿದರು: "ಏನ್ರೀ, ಗುರುವಾರ ನಾಲ್ಕಕ್ಕೆ ಕೌನ್ಸೆಲಿಂಗ್ ಅಂತೆ?" ಅಂದೇ ಅವರು ಕೌನ್ಸೆಲಿಂಗ್ ಬಿಟ್ಟರು. ಆರು ತಿಂಗಳ ಮೇಲೆ ಇನ್ನಷ್ಟು ಸೋತು ನನ್ನ ಬಳಿ ಬಂದರು.

ಒಂದು ಹಾಳೆ ತೆಗೆದುಕೊಂಡು, ಮೊದಲ ದಿನದಿಂದ ಅವರು ಮಾಡಿದ ಪ್ರತಿಯೊಂದನ್ನೂ ಬರೆದೆವು. ಮೊದಲ ಕರೆ ಸ್ವಂತ ಮೊಬೈಲಿನಿಂದ, ರಾತ್ರಿ, ಮನೆಯ ಮಾಳಿಗೆಯ ಮೇಲಿನಿಂದ. ಅದರಿಂದ ಸೋರಿರಲಾರದು. ಕೌನ್ಸೆಲರ್ ಸಲಹೆಯಂತೆ ಮನೋವೈದ್ಯರನ್ನು ಒಮ್ಮೆ ಕಂಡಿದ್ದರು. ಫೀಜು ಕೊಟ್ಟದ್ದು ಯುಪಿಐ ಮೂಲಕ, ಸಂಬಳದ ಖಾತೆಯಿಂದ. ಆ ಖಾತೆ ಇದ್ದದ್ದು ಅವರದೇ ಬ್ಯಾಂಕಿನಲ್ಲಿ. ನೌಕರರ ಖಾತೆಗಳನ್ನು ಬ್ಯಾಂಕುಗಳು ಪರಿಶೀಲಿಸುವುದುಂಟು, ಸ್ಟೇಟ್‌ಮೆಂಟಿನಲ್ಲಿ ಕ್ಲಿನಿಕ್ಕಿನ ಹೆಸರು ನೇರವಾಗಿಯೇ ಇತ್ತು. ಇದು ದಾರಿಯಾಗಬಹುದಿತ್ತು. ಆದರೆ ಮ್ಯಾನೇಜರ್ ಹೇಳಿದ್ದು ವೈದ್ಯರ ಹೆಸರನ್ನಲ್ಲ, ವಾರವನ್ನೂ ಗಂಟೆಯನ್ನೂ. ಗಂಟೆ ಎಲ್ಲಿ ಬರೆದಿತ್ತು? ಸಹಾಯವಾಣಿಯವರು ಇಮೇಲ್ ಕೇಳಿದಾಗ ಇವರು ಅಭ್ಯಾಸಬಲದಿಂದ ಕಚೇರಿಯ ಇಮೇಲ್ ಕೊಟ್ಟಿದ್ದರು. ಸಮಯ ಖಚಿತಪಡಿಸುವ ಪತ್ರ ಅಲ್ಲಿಗೆ ಬಂದು, ತಾನಾಗಿಯೇ ಕಚೇರಿಯ ಕ್ಯಾಲೆಂಡರಿನಲ್ಲಿ ಕೂತಿತ್ತು. ಆ ಕ್ಯಾಲೆಂಡರ್ ಮ್ಯಾನೇಜರಿಗೆ ಕಾಣುತ್ತಿತ್ತು. ಕೌನ್ಸೆಲರ್ ಒಂದು ಮಾತನ್ನೂ ಆಡಿರಲಿಲ್ಲ.

ಅವರು ಅದೇ ಕೌನ್ಸೆಲರ್ ಬಳಿ ಮತ್ತೆ ಹೋದರು. ಸ್ವಂತ ಇಮೇಲ್, ಸಂಜೆ ಏಳರ ನಂತರದ ಸಮಯ, ವೈದ್ಯರಿಗೆ ನಗದು. ಉಳಿದಿದ್ದ ಉಚಿತ ಭೇಟಿಗಳನ್ನು ಪೂರ್ತಿ ಬಳಸಿಕೊಂಡರು.

ನಿಮ್ಮ ವಿಷಯದಲ್ಲೂ ಹೀಗೇ ಮಾಡಿ. ಎದುರಿನವರಿಗೆ *ಎಷ್ಟು* ಗೊತ್ತಾಗಿದೆ ಎಂಬುದರಿಂದ *ಎಲ್ಲಿಂದ* ಗೊತ್ತಾಯಿತು ಎಂಬುದು ಹೊರಬರುತ್ತದೆ. ಸಮಯ ಗೊತ್ತಿದ್ದರೆ ಇಮೇಲ್ ಅಥವಾ ಕ್ಯಾಲೆಂಡರ್. ನಂಬರ್ ಗೊತ್ತಿದ್ದರೆ ಕಂಪನಿ ಕೊಟ್ಟ ಸಿಮ್: ಅದರ ಬಿಲ್ಲು ಕಂಪನಿಗೆ ಬರುತ್ತದೆ, ಯಾವ ನಂಬರಿಗೆ ಎಷ್ಟು ನಿಮಿಷ ಎಂಬ ವಿವರವನ್ನೂ ಅವರು ತರಿಸಿಕೊಳ್ಳಬಹುದು. ಆಸ್ಪತ್ರೆ ಗೊತ್ತಿದ್ದರೆ ಬಿಲ್ಲು ಅಥವಾ ಬೆಂಚು. ನೀವು ಕೋಣೆಯೊಳಗೆ ಆಡಿದ ಮಾತೇ ಗೊತ್ತಿದ್ದರೆ ಮಾತ್ರ ಕೌನ್ಸೆಲರ್ ಕಡೆ ನೋಡಬೇಕು.

"ಕಲಬುರಗಿಯಲ್ಲಿ ಎಲ್ಲಿಗೆ ಹೋದರೂ ಗುರುತಿನವರು ಸಿಗುತ್ತಾರೆ. ಎಲ್ಲಿಗೆ ಹೋಗಲಿ?"

ಮನೆಯಲ್ಲೇ ಕೂತು ಮಾತನಾಡಬಹುದಾದದ್ದು ಸರ್ಕಾರದ ಟೆಲಿ ಮಾನಸ್, 14416. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತನಾಡಬಹುದು. ನಿಮ್ಮ ಕಂಪನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಎದುರು ಕೂತೇ ಮಾತನಾಡಬೇಕು ಎನ್ನುವವರಿಗೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಚೀಟಿ ಮಾಡಿಸುವ ಸಾಲಿನಲ್ಲಿ ನೂರು ಜನರ ನಡುವೆ ನೀವೊಬ್ಬರು, ಅಲ್ಲಿವರೆಗೆ ತೊಂದರೆಯಿಲ್ಲ. ಮನೋವೈದ್ಯಕೀಯ ವಿಭಾಗದ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತಾಗ ಮಾತ್ರ ಕಣ್ಣಿಗೆ ಬೀಳುತ್ತೀರಿ. ಖಾಸಗಿ ಕ್ಲಿನಿಕ್ಕಿಗಾದರೆ ಫೋನ್ ಮಾಡಿ ಕೊನೆಯ ಸಮಯ ಕೇಳಿ, ಬೆಂಚು ಖಾಲಿಯಾದ ಮೇಲೆ ಹೋಗಿ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿಬರುವವರೂ ಇದ್ದಾರೆ. ಒಂದು ಸಲಕ್ಕೆ ಅದು ಸರಿ, ಆದರೆ ಪ್ರತಿ ವಾರ ಒಂದು ರಜೆ, ಎರಡು ಪ್ರಯಾಣ ಎಂದರೆ ಮೂರನೆಯ ವಾರಕ್ಕೆ ನಿಂತುಹೋಗುತ್ತದೆ. ದೂರದ ಚಿಕಿತ್ಸಕರೇ ಬೇಕಿದ್ದರೆ ಮೊದಲ ಭೇಟಿಯ ನಂತರ ವಿಡಿಯೊ ಕರೆಗೆ ಒಪ್ಪಿಸಿಕೊಳ್ಳಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ಕೇಳಿ ನೋಡಿ. ತಪ್ಪಾದರೆ ಎಲ್ಲಿ ದೂರಬೇಕು ಎಂಬುದೂ ಆ ಸಂಖ್ಯೆಯಿಂದಲೇ ನಿರ್ಧಾರವಾಗುತ್ತದೆ.

"ರಜೆಗೆ ಸರ್ಟಿಫಿಕೇಟ್ ಕೊಡಲೇಬೇಕು. ಅದರಲ್ಲಿ ಎಲ್ಲ ಬಯಲಾಗುತ್ತದಲ್ಲ?"

"ನನ್ನ ಚಿಕಿತ್ಸೆಯಲ್ಲಿದ್ದಾರೆ, ಇಂತಿಷ್ಟು ದಿನ ವಿಶ್ರಾಂತಿ ಬೇಕು" ಎಂದಷ್ಟೇ ಬರೆದುಕೊಡಲು ವೈದ್ಯರನ್ನು ಕೇಳಬಹುದು. ಬಹಳ ಕಚೇರಿಗಳಿಗೆ ಅಷ್ಟು ಸಾಕು. ಆದರೆ ಲೆಟರ್‌ಹೆಡ್ಡಿನ ಮೇಲೆ "ಮನೋವೈದ್ಯರು" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಆಸ್ಪತ್ರೆಯ ಸಾಮಾನ್ಯ ಲೆಟರ್‌ಹೆಡ್ ಇದ್ದರೆ ಅದರ ಮೇಲೆ ಕೇಳಿ. ಕಾಯಿಲೆಯ ಹೆಸರಿಗೆ ಅಂಕಣವಿರುವ ನಮೂನೆಯಾದರೆ ಅದನ್ನು ಸುಳ್ಳು ಬರೆದು ತುಂಬಿಸಬೇಡಿ. ಟೈಫಾಯ್ಡ್ ಎಂದು ಬರೆಸಿಕೊಂಡು ಸಿಕ್ಕಿಬಿದ್ದರೆ ಒತ್ತಡದ ಮಾತು ಹಿಂದೆ ಸರಿದು ಶಿಸ್ತುಕ್ರಮದ ಮಾತು ಮುಂದೆ ಬರುತ್ತದೆ.

### ಬಿಗಿಯಾದ ಸಂದರ್ಭಗಳು

"ಮ್ಯಾನೇಜರೇ 'ಕೌನ್ಸೆಲಿಂಗ್ ತೆಗೆದುಕೊಂಡು ಬಾ' ಎಂದು ಕಳಿಸಿದ್ದಾರೆ. ಆಗಲೂ ಗುಟ್ಟೇ?"

ಇಲ್ಲಿ ಎಚ್ಚರ ಬೇಕು. ನೀವಾಗಿ ಹೋಗುವುದು ಬೇರೆ, ಕಂಪನಿ ಬರೆದು ಕಳಿಸುವುದು ಬೇರೆ. ಬರೆದು ಕಳಿಸಿದಾಗ "ಬಂದರು, ಇಷ್ಟು ಸಲ ಬಂದರು" ಎಂಬ ಮಾಹಿತಿ ಕಂಪನಿಗೆ ಹೋಗುವುದು ಸಾಮಾನ್ಯ. ಅದಕ್ಕಾಗಿ ಬೇರೊಂದು ಕಾಗದದ ಮೇಲೆ ನಿಮ್ಮ ಸಹಿ ಕೇಳುತ್ತಾರೆ. ಆ ಕಾಗದವನ್ನು ಮನೆಗೆ ಒಯ್ದು ಓದಿ. ಹಾಜರಾತಿ ಮಾತ್ರ ಹೋಗುತ್ತದೆಯೋ, ಅಭಿಪ್ರಾಯವೂ ಹೋಗುತ್ತದೆಯೋ ನೋಡಿ. ಅಭಿಪ್ರಾಯ ಎಂದಿದ್ದರೆ "ಹಾಜರಾತಿ ಮಾತ್ರ" ಎಂದು ತಿದ್ದಿ ಸಹಿ ಮಾಡಲು ಕೇಳಬಹುದು.

ಇನ್ನೊಂದು, "ಕೆಲಸಕ್ಕೆ ಯೋಗ್ಯರೇ" ಎಂಬ ತಪಾಸಣೆ. ಕ್ರೇನ್ ನಡೆಸುವವರು, ಕಿಲ್ನ್ ಬಳಿ ಇರುವವರು, ವಾಹನ ಚಾಲಕರು, ಇಂಥವರನ್ನು ಕೆಲವೊಮ್ಮೆ ಇದಕ್ಕೆ ಕಳಿಸುತ್ತಾರೆ. ಅದು ಚಿಕಿತ್ಸೆಯೇ ಅಲ್ಲ. ಅಲ್ಲಿನ ವೈದ್ಯರು ನೋಡುವುದೇ ಕಂಪನಿಗೆ ವರದಿ ಬರೆಯಲು. ಒಳಗೆ ಹೋದ ಕೂಡಲೇ "ಇದು ಚಿಕಿತ್ಸೆಯೋ, ವರದಿಗಾಗಿಯೋ?" ಎಂದು ಕೇಳಿ. ವರದಿಗಾಗಿ ಎಂದರೆ ಕೇಳಿದ್ದಕ್ಕೆ ಸತ್ಯವನ್ನೇ ಹೇಳಿ, ಸಂಸಾರದ ಕಥೆ ತೋಡಿಕೊಳ್ಳಬೇಡಿ.

"ಕಾನೂನು ನನ್ನ ಪರವಾಗಿ ಇದೆಯೇ?"

ಇದೆ, ಆದರೆ ಎಲ್ಲರ ಮುಂದೆಯೂ ಒಂದೇ ಬಲದಿಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಂ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರ ಮಾಹಿತಿಯನ್ನು ಗುಟ್ಟಾಗಿ ಇಡಬೇಕು ಎನ್ನುತ್ತದೆ. ಯಾರಿಗೆ ಹೇಳಬಹುದು ಎಂಬ ಪಟ್ಟಿಯೂ ಅಲ್ಲೇ ಇದೆ: ನೀವು ನೇಮಿಸಿದ ಪ್ರತಿನಿಧಿ, ಚಿಕಿತ್ಸೆಗೆ ಬೇಕಾದ ಇತರ ವೈದ್ಯರು, ಬೇರೊಬ್ಬರಿಗೆ ಅಪಾಯವಾಗುವ ಅಥವಾ ಜೀವಕ್ಕೆ ಕುತ್ತು ಬರುವ ಸಂದರ್ಭ, ಕೋರ್ಟು ಅಥವಾ ಅಧಿಕಾರವುಳ್ಳ ಪ್ರಾಧಿಕಾರದ ಆದೇಶ, ಸಾರ್ವಜನಿಕ ಸುರಕ್ಷತೆ. ಕೆಲಸ ಕೊಟ್ಟವರು ಎಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ. ವೈದ್ಯರಿಗಂತೂ ರೋಗಿಯ ಗುಟ್ಟು ಹೊರಹಾಕುವುದು ವೃತ್ತಿ ನಿಯಮಗಳ ಪ್ರಕಾರವೂ ದುರ್ನಡತೆ.

ಆದರೆ ಕೆಲಸದ ಒತ್ತಡವೆಲ್ಲ ಈ ಕಾಯ್ದೆಯ ಅರ್ಥದಲ್ಲಿ ಕಾಯಿಲೆಯಲ್ಲ, ಕೌನ್ಸೆಲರ್ ಎಂದು ಕರೆಸಿಕೊಳ್ಳುವವರೆಲ್ಲ ಅದರ ಅರ್ಥದ ಆರೋಗ್ಯ ವೃತ್ತಿಪರರೂ ಅಲ್ಲ. ಅಂಥ ಕಡೆ ನಿಮ್ಮನ್ನು ಕಾಯುವುದು ನೀವು ಸಹಿ ಹಾಕಿದ ಒಪ್ಪಿಗೆ ಪತ್ರ. ಅದರ ಪ್ರತಿಯನ್ನು ಇಟ್ಟುಕೊಳ್ಳಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

"ಸಾಯಬೇಕು ಅನ್ನಿಸುತ್ತದೆ ಎಂದು ಬಾಯಿಬಿಟ್ಟರೆ ಆಫೀಸಿಗೆ ಫೋನ್ ಮಾಡಿಬಿಡುತ್ತಾರೆಯೇ?"

ಈ ಭಯದಿಂದ ಬಾಯಿ ಮುಚ್ಚಿಕೊಂಡವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. "ಬದುಕು ಸಾಕಾಗಿದೆ" ಎಂಬ ಮಾತು ಕೇಳಿದ ಕೂಡಲೇ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಕೌನ್ಸೆಲರ್ ಮುಂದಿನ ಪ್ರಶ್ನೆಗಳನ್ನು ಕೇಳುತ್ತಾರೆ: ಈ ಯೋಚನೆ ಎಷ್ಟು ದಿನದಿಂದ, ಹೀಗೆ ಮಾಡಬೇಕೆಂದು ನಿರ್ಧರಿಸಿದ್ದೀರಾ, ಈಗ ಜೊತೆಗೆ ಯಾರಿದ್ದಾರೆ. ಅಪಾಯ ಹತ್ತಿರವಿದೆ ಎನಿಸಿದರೆ ಮಾತ್ರ ಬೇರೊಬ್ಬರನ್ನು ಸೇರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ನಿಮಗೆ ತಿಳಿಸಿ, ನೀವೇ ಹೇಳಿದ ಹೆಸರಿಗೆ ಕರೆ ಮಾಡುತ್ತಾರೆ: ಅಣ್ಣ, ಹೆಂಡತಿ, ಗೆಳೆಯ. ಆದ್ದರಿಂದ ಮೊದಲ ದಿನ ತುರ್ತು ಸಂಪರ್ಕದ ಹೆಸರು ಕೇಳಿದಾಗ ಸಹೋದ್ಯೋಗಿಯ ಹೆಸರು ಕೊಡಬೇಡಿ, ಮನೆಯ ಕಡೆಯವರ ಹೆಸರು ಕೊಡಿ. ಈ ಯೋಚನೆ ಈಗ, ಇದನ್ನು ಓದುವಾಗಲೇ ಇದ್ದರೆ ಉಳಿದ ಪ್ರಶ್ನೆಗಳನ್ನು ಬಿಡಿ. ಹತ್ತಿರದವರನ್ನು ಪಕ್ಕದಲ್ಲಿ ಕೂರಿಸಿಕೊಂಡು 14416ಕ್ಕೆ ಕರೆ ಮಾಡಿ, ಅಪಾಯ ಕೈಮೀರುತ್ತಿದೆ ಎನಿಸಿದರೆ 112ಕ್ಕೆ.

"ಮೇಲಧಿಕಾರಿ ಕೆಟ್ಟದಾಗಿ ನಡೆದುಕೊಂಡ ವಿಷಯ ಕೌನ್ಸೆಲರ್‌ಗೆ ಹೇಳಿದ್ದೇನೆ. ದೂರು ಕೊಟ್ಟಂತೆ ಆಯಿತಲ್ಲವೇ ಅಕ್ಕಾ?"

ಆಗಲಿಲ್ಲ ತಂಗಿ, ಇದನ್ನು ತಡವಾಗಿ ತಿಳಿದು ನೊಂದವರಿದ್ದಾರೆ. ಕೌನ್ಸೆಲರ್ ಅದನ್ನು ಗುಟ್ಟಾಗಿ ಇಡುತ್ತಾರೆ, ಎಂದರೆ ಕಂಪನಿಗೆ ಅದು ಗೊತ್ತೇ ಇರುವುದಿಲ್ಲ. ಲೈಂಗಿಕ ಕಿರುಕುಳವಾಗಿದ್ದರೆ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು, ಘಟನೆ ನಡೆದ ಮೂರು ತಿಂಗಳೊಳಗೆ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ನೀವು ಕೌನ್ಸೆಲರ್ ಬಳಿ ಮಾತನಾಡುತ್ತಿರುವಾಗಲೂ ಆ ದಿನಗಳು ಕಳೆಯುತ್ತಲೇ ಇರುತ್ತವೆ. ದೂರು ಬರೆಯುವ ಧೈರ್ಯ ತಂದುಕೊಳ್ಳಲು ಕೌನ್ಸೆಲರ್ ನೆರವು ಪಡೆಯಿರಿ, ಕೊನೆಯ ತಾರೀಖನ್ನು ಮೊದಲ ದಿನವೇ ಗುರುತು ಹಾಕಿಕೊಳ್ಳಿ.

"ಕೋಣೆಯೊಳಗೆ ಆಡಿದ ಮಾತೇ ಹೊರಬಿದ್ದಿದೆ. ಈಗ ಏನು ಮಾಡಲಿ?"

ಮೊದಲು ಯಾರು, ಯಾವತ್ತು, ಯಾವ ಮಾತು ಹೇಳಿದರು ಎಂಬುದನ್ನು ಅದೇ ದಿನ ಬರೆದಿಡಿ. ನಂತರ ಕೌನ್ಸೆಲಿಂಗ್ ಸಂಸ್ಥೆಗೆ ಲಿಖಿತವಾಗಿ ಕೇಳಿ: ನನ್ನ ದಾಖಲೆಯನ್ನು ಯಾರು ಯಾರು ನೋಡಿದ್ದಾರೆ, ನನ್ನ ಕಂಪನಿಗೆ ನನ್ನ ಬಗ್ಗೆ ಏನು ಕಳಿಸಿದ್ದೀರಿ? ಈ ಪತ್ರವನ್ನು ಸಂಸ್ಥೆಯ ಮುಖ್ಯಸ್ಥರಿಗೆ ಕಳಿಸಿ, ನಿಮ್ಮ ಎಚ್‌ಆರ್ ಮೂಲಕ ಕಳಿಸಬೇಡಿ. ವೈದ್ಯರಿಂದ ತಪ್ಪಾಗಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್‌ರಿಂದ ಆಗಿದ್ದರೆ ಪುನರ್ವಸತಿ ಮಂಡಳಿಗೆ ದೂರು ಕೊಡಬಹುದು. ಯಾವ ನೋಂದಣಿಯೂ ಇಲ್ಲದವರಾದರೆ ಉಳಿಯುವುದು ಒಪ್ಪಿಗೆ ಪತ್ರ ಮತ್ತು ವಕೀಲರು.

ಇಷ್ಟರ ನಡುವೆ ಚಿಕಿತ್ಸೆ ನಿಲ್ಲಿಸಬೇಡಿ, ಚಿಕಿತ್ಸಕರನ್ನು ಬದಲಿಸಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಿಟ್ಟಿನಲ್ಲಿ ಒಮ್ಮೆಲೇ ಬಿಡಬೇಡಿ. ಹಳೆಯ ಚೀಟಿಯೊಂದಿಗೆ ಬೇರೆ ವೈದ್ಯರ ಬಳಿ ಹೋಗಿ. ಹಳೆಯ ವೈದ್ಯರ ಬಳಿ ಇರುವ ನಿಮ್ಮ ಚಿಕಿತ್ಸಾ ದಾಖಲೆಗಳ ಪ್ರತಿ ಪಡೆಯುವ ಹಕ್ಕೂ ನಿಮಗಿದೆ. ಅದನ್ನು ಪಡೆದುಕೊಂಡು ಹೊಸಬರಿಗೆ ತೋರಿಸಿದರೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳುವ ಸಂಕಟ ಅರ್ಧಕ್ಕರ್ಧ ತಪ್ಪುತ್ತದೆ.